ಪದಚರ್ಚೆ: ವಿತರಕಿ, ಸಲಹೆಗಾರ್ತಿ, ಯೋಜಕಿ – ಫಲಕದ ಮೇಲೆ ಯಾವುದು?

ಪ್ರಶ್ನೆ (ಶಿವಮೊಗ್ಗದಿಂದ)

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ನೌಕರಿ ಬಿಟ್ಟು, ಕುಟುಂಬಗಳಿಗೆ ಉಳಿತಾಯದ ವಿಷಯದಲ್ಲಿ ದಾರಿ ತೋರಿಸುವ ಕೆಲಸ ಆರಂಭಿಸುತ್ತಿದ್ದೇನೆ. ಮಗಳ ಓದಿಗೆ ಎಷ್ಟು ಬೇಕು, ಸಾಲ ಮೊದಲು ತೀರಿಸಬೇಕೇ, ಠೇವಣಿಯಲ್ಲಿ ಎಷ್ಟಿಡಬೇಕು, ಮ್ಯೂಚುವಲ್ ಫಂಡಿಗೆ ಎಷ್ಟು ಹಾಕಬೇಕು ಎಂದು ಮನೆಯವರ ಜೊತೆ ಕುಳಿತು ಲೆಕ್ಕ ಹಾಕಿ ಬರೆದುಕೊಡಬೇಕೆಂಬುದು ನನ್ನ ಆಸೆ. ಅದಕ್ಕೆ ಶುಲ್ಕ ತೆಗೆದುಕೊಳ್ಳುತ್ತೇನೆ. ಹೂಡಿಕೆಯ ಅರ್ಜಿ ಹಾಕುವ ಕೆಲಸವನ್ನು ನನ್ನ ಪತಿ ನೋಡಿಕೊಳ್ಳುತ್ತಾರೆ. ಅವರಿಗೆ ಈಗಾಗಲೇ ಮ್ಯೂಚುವಲ್ ಫಂಡ್ ವಿತರಕರ ಎಆರ್‌ಎನ್ ಸಂಖ್ಯೆ ಇದೆ.

ಫಲಕದಲ್ಲಿ ‘ಹಣಕಾಸು ಸಲಹೆಗಾರರು’ ಎಂದು ಬರೆಸಲೇ, ‘ಆರ್ಥಿಕ ಯೋಜಕರು’ ಎಂದೇ? ‘ವಿತರಕರು’ ಎಂದರೆ ಅಡುಗೆ ಅನಿಲದ ಏಜೆನ್ಸಿ ಎಂದುಕೊಳ್ಳುತ್ತಾರೆ. ಇನ್ನೊಂದು ಮಾತು: ಪರೀಕ್ಷೆ ಬರೆದರೆ ಸಿಗುವುದನ್ನು ‘ಪರವಾನಗಿ’ ಎನ್ನಬಹುದೇ?

ಮೈಸೂರಿನ ನಿವೃತ್ತ ಕನ್ನಡ ಅಧ್ಯಾಪಕರು

‘ಯೋಜಕ’ ಸರಿಯಾದ ರೂಪ, ‘ಆಯೋಜಕ’ ಎಂದು ಬರೆಸಬೇಡಿ. ಸಭೆ ಸಮಾರಂಭ ನಡೆಸುವವರು ಆಯೋಜಕರು. ‘ಸಲಹೆಗಾರ’ ಬಹುಕಾಲದಿಂದ ಪತ್ರಿಕೆಗಳಲ್ಲಿ ಬಳಕೆಯಲ್ಲಿರುವ ಪದ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ತಂಗಿಯ ಮಗ ಸಿಎಫ್‌ಪಿ ಮಾಡಿಕೊಂಡಿದ್ದಾನೆ. ಅದು ಈ ಕ್ಷೇತ್ರದ ಅತಿ ದೊಡ್ಡ ಪ್ರಮಾಣಪತ್ರವಂತೆ. ಅದಿದ್ದರೆ ಯೋಜಕರೆಂದು ಬರೆದುಕೊಂಡು ಶುಲ್ಕ ಪಡೆಯುವ ಹಕ್ಕು ಬರುತ್ತದೆ. ಮೇಡಂ ಅದನ್ನೇ ಮಾಡಿಕೊಳ್ಳಲಿ.

ಬೆಂಗಳೂರಿನಿಂದ, ಸೆಬಿ ನೋಂದಾಯಿತ ಸಲಹೆಗಾರರೊಬ್ಬರು

ಸರ್, ವ್ಯಾಕರಣದ ಮಾತು ಒಪ್ಪಿದೆ. ಆದರೆ ಈ ವೃತ್ತಿಯಲ್ಲಿ ‘ಸಲಹೆಗಾರ’ ಎಂಬ ಪದ ಕಾನೂನಿನ ಬೇಲಿಯೊಳಗಿದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಹೂಡಿಕೆ ಸಲಹೆಗಾರರ ನಿಯಮಾವಳಿ 2013ರದು. 2020ರ ತಿದ್ದುಪಡಿಯ ನಂತರ, ಸೆಬಿಯಲ್ಲಿ ನೋಂದಾಯಿಸಿಕೊಳ್ಳದ ವಿತರಕರು ‘ಸ್ವತಂತ್ರ ಹಣಕಾಸು ಸಲಹೆಗಾರ’, ‘ಸಂಪತ್ತು ಸಲಹೆಗಾರ’ ಅಥವಾ ಅದನ್ನು ಹೋಲುವ ಹೆಸರನ್ನು ಬಳಸುವಂತಿಲ್ಲ. ಫಲಕ ಕನ್ನಡದಲ್ಲಿದ್ದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ.

‘ಯೋಜಕ’ ಎಂದು ಬರೆಸಿ ತಪ್ಪಿಸಿಕೊಳ್ಳುವುದೂ ಕಷ್ಟ. ಆ ನಿಯಮಾವಳಿಯ ಪ್ರಕಾರ ಹೂಡಿಕೆ ಸಲಹೆಯೊಳಗೆ ಹಣಕಾಸು ಯೋಜನೆಯೂ ಸೇರುತ್ತದೆ. ಗ್ರಾಹಕರ ಈಗಿನ ಸ್ಥಿತಿ ಪರಿಶೀಲಿಸುವುದು, ಗುರಿ ಗುರುತಿಸುವುದು, ಗುರಿ ಮುಟ್ಟುವ ಮಾರ್ಗ ಸೂಚಿಸುವುದು ಅದರ ವಿವರಣೆ. ಮೇಡಂ ಬರೆದಿರುವ ಕೆಲಸ ಅಕ್ಷರಶಃ ಅದೇ.

ಇನ್ನು ಪ್ರಮಾಣಪತ್ರ, ನೋಂದಣಿ ಎಂಬ ಎರಡು ಪದಗಳನ್ನು ದಯವಿಟ್ಟು ಬೆರೆಸಬೇಡಿ. ಸೆಬಿಯ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ 5-ಎ ಪರೀಕ್ಷೆ ವಿತರಕರದು. ನೂರು ಅಂಕ, ಐವತ್ತಕ್ಕೆ ತೇರ್ಗಡೆ. ಪಾಸಾದರೆ ಕೈಗೆ ಬರುವುದು ಪ್ರಮಾಣಪತ್ರ ಮಾತ್ರ. ಅದನ್ನು ಹಿಡಿದು ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯಲ್ಲಿ ನೋಂದಾಯಿಸಿಕೊಂಡರೆ ಎಆರ್‌ಎನ್ ಸಿಗುತ್ತದೆ. ಸಲಹೆಗಾರರಿಗೆ 10-ಎ ಮತ್ತು 10-ಬಿ ಎರಡೂ ಬೇಕು. ತೇರ್ಗಡೆಗೆ ನೂರಕ್ಕೆ ಅರವತ್ತು. ಒಂದು ಕುಟುಂಬದ ಪರಿಸ್ಥಿತಿ ಕೊಟ್ಟು ಅದರ ಮೇಲೆ ಕೇಳುವ ಪ್ರಶ್ನೆಗಳೂ ಇರುತ್ತವೆ. ಅವು ಮುಗಿದ ಮೇಲೂ ಸೆಬಿ ನೋಂದಣಿ ಆಗುವವರೆಗೆ ಶುಲ್ಕ ಪಡೆಯುವಂತಿಲ್ಲ. ಸಿಎಫ್‌ಪಿ ಗಟ್ಟಿಯಾದ ಓದು. ನಾನೂ ಮಾಡಿದ್ದೇನೆ, ಕುಟುಂಬದ ಲೆಕ್ಕ ಹಾಕುವುದನ್ನು ಕಲಿತಿದ್ದೇ ಅಲ್ಲಿ. ಆದರೆ ಅದು ವಿದ್ಯಾರ್ಹತೆ. ನೋಂದಣಿಯ ಬದಲಿಗೆ ನಿಲ್ಲುವುದಿಲ್ಲ.

ಹುಬ್ಬಳ್ಳಿಯಿಂದ ಒಬ್ಬರು

ನನಗೂ ಹೀಗೇ ಆಗಿದೆ. ವಿಮೆ ಮಾಡಿಸಿದ ಏಜೆಂಟರು ತಮ್ಮ ಕಾರ್ಡಿನಲ್ಲಿ ‘ಆರ್ಥಿಕ ಸಲಹೆಗಾರರು’ ಎಂದೇ ಹಾಕಿಕೊಂಡಿದ್ದರು. ಹನ್ನೆರಡು ವರ್ಷ ಕಂತು ಕಟ್ಟಬೇಕೆಂದು ಆಮೇಲೆ ಗೊತ್ತಾಯಿತು. ಈಗ ಪಾಲಿಸಿ ಮುರಿಸಬಹುದೇ? ತಿಳಿದವರು ಹೇಳಿ.

ದಾವಣಗೆರೆಯ ಮ್ಯೂಚುವಲ್ ಫಂಡ್ ವಿತರಕರು

ಹುಬ್ಬಳ್ಳಿಯವರೇ, ಪಾಲಿಸಿ ಹಾಳೆ ನೋಡದೆ ಅದನ್ನು ಯಾರೂ ಹೇಳಲಾರರು. ಬೇರೆ ಎಳೆಯಲ್ಲಿ ಬರೆಯಿರಿ.

‘ವಿತರಕ’ ಎಂದರೆ ಕೀಳು ಎಂಬಂತೆ ಮಾತು ಹೋಗುತ್ತಿದೆ, ಅದು ನನಗೆ ಒಪ್ಪಿಗೆಯಿಲ್ಲ. ನನ್ನ ಗ್ರಾಹಕರಲ್ಲಿ ಬಹುಪಾಲು ಜನ ತಿಂಗಳಿಗೆ ಎರಡು ಸಾವಿರ, ಮೂರು ಸಾವಿರದ ಎಸ್‌ಐಪಿ ಕಟ್ಟುವವರು. ಅವರ ಬಳಿ ಐದಾರು ಸಾವಿರ ಶುಲ್ಕ ಕೇಳಿದರೆ ಎದ್ದು ಹೋಗುತ್ತಾರೆ. ಉದಾಹರಣೆಗೆ ನಲವತ್ತು ಮನೆ, ತಲಾ 4 ಲಕ್ಷ ಹೂಡಿಕೆ ಎಂದುಕೊಳ್ಳಿ. ಒಟ್ಟು 1.6 ಕೋಟಿ. ಹೂಡಿಕೆ ಇರುವಷ್ಟು ಕಾಲ ಸಿಗುವ ಟ್ರೇಲ್ ಕಮಿಷನ್ ವರ್ಷಕ್ಕೆ ನೂರಕ್ಕೆ ಎಪ್ಪತ್ತು ಪೈಸೆ ಎಂದರೆ 1,12,000 ರೂಪಾಯಿ. ಫಂಡ್ ಕಂಪನಿ ಕೊಡುತ್ತದೆ, ಮನೆಯವರು ಚೆಕ್ ಬರೆಯಬೇಕಿಲ್ಲ. ಹೂಡಿಕೆಗೆ ಪ್ರಾಸಂಗಿಕವಾಗಿ ಸಲಹೆ ಕೊಡಲು ನಿಯಮದಲ್ಲೇ ವಿತರಕರಿಗೆ ಅವಕಾಶವಿದೆ. ಮೇಡಂ 5-ಎ ಬರೆದು ‘ಆಂಫಿ ನೋಂದಾಯಿತ ಮ್ಯೂಚುವಲ್ ಫಂಡ್ ವಿತರಕರು’ ಎಂದು ಹಾಕಿಕೊಳ್ಳಲಿ. ಅನಿಲದ ಏಜೆನ್ಸಿ ಎಂದು ಯಾರೂ ಬರುವುದಿಲ್ಲ.

ಬೆಂಗಳೂರಿನ ಸಲಹೆಗಾರರು, ಮತ್ತೆ

ವಿತರಕರ ಕೆಲಸ ಕೀಳೆಂದು ನಾನು ಹೇಳಿಲ್ಲ ಸರ್. ಮನೆಯವರು ಚೆಕ್ ಬರೆಯುವುದಿಲ್ಲ, ನಿಜ. ಆದರೆ ಆ 4 ಲಕ್ಷದ ಮೇಲಿನ 2,800 ರೂಪಾಯಿ ಫಂಡಿನ ವೆಚ್ಚದ ಮೂಲಕ ಅವರ ಹಣದಿಂದಲೇ ಹೋಗುತ್ತದೆ. ವಿತರಕರಿಲ್ಲದೆ ನೇರವಾಗಿ ಹೂಡುವ, 2013ರಿಂದ ಇರುವ ಡೈರೆಕ್ಟ್ ಪ್ಲಾನ್‌ನಲ್ಲಿ ಆ ಭಾಗ ಇಲ್ಲ.

ನನಗೆ ಅದಕ್ಕಿಂತ ಚಿಂತೆ ಹುಟ್ಟಿಸಿದ್ದು ಮೇಡಂ ಸಹಜವಾಗಿ ಬರೆದ ಒಂದು ವಾಕ್ಯ: ಸಲಹೆ ತಮ್ಮದು, ಅರ್ಜಿ ಪತಿಯದು. ವ್ಯಕ್ತಿಯಾಗಿ ನೋಂದಾಯಿಸಿಕೊಂಡ ಸಲಹೆಗಾರರು ವಿತರಣೆ ಮಾಡುವಂತಿಲ್ಲ. ಅಷ್ಟೇ ಅಲ್ಲ, ಅವರ ಸಲಹೆ ಪಡೆದ ಗ್ರಾಹಕರಿಗೆ ಅವರ ಕುಟುಂಬದವರೂ ವಿತರಣೆ ಮಾಡುವಂತಿಲ್ಲ. ಗಂಡನ ಎಆರ್‌ಎನ್ ಮೂಲಕ ಹೂಡಿದ ಮನೆಗೆ ಹೆಂಡತಿ ಶುಲ್ಕದ ಸಲಹೆ ಕೊಡುವುದಕ್ಕೂ ತಡೆಯಿದೆ. ಇದರ ಕಾರಣ ಅರ್ಥವಾಗುವಂಥದ್ದೇ. ‘ಸಾಲ ತೀರಿಸಿ, ಫಂಡ್ ಈಗ ಬೇಡ’ ಎಂದು ಬರೆದರೆ ಪತಿಯ ಕಮಿಷನ್ ಹೋಗುತ್ತದೆ. ಆ ವಾಕ್ಯವನ್ನು ಬರೆಯುವಾಗ ಕೈ ತಡೆಯಬಾರದು.

ಹಾಗಾಗಿ ಎರಡರಲ್ಲಿ ಒಂದು. ಸಾಲ, ಠೇವಣಿ, ವಿಮೆ ಎಲ್ಲವನ್ನೂ ನೋಡಿ ಬರೆದುಕೊಡುವುದೇ ಮುಖ್ಯವಾದರೆ 10-ಎ, 10-ಬಿ ಬರೆದು ನೋಂದಾಯಿಸಿಕೊಳ್ಳಿ. ಪದವಿ ಬೇಕು. 2024ರ ಡಿಸೆಂಬರ್ ತಿದ್ದುಪಡಿಯಿಂದ ಅನುಭವದ ಷರತ್ತು ಹೋಗಿದೆ. 150 ಗ್ರಾಹಕರವರೆಗೆ 1 ಲಕ್ಷ ರೂಪಾಯಿ ಠೇವಣಿ ಇಡಬೇಕು. ಪತಿಯ ಗ್ರಾಹಕರನ್ನು ಅವರಿಗೇ ಬಿಟ್ಟು, ನೀವು ಬೇರೆ ಮನೆಗಳನ್ನು ಹುಡುಕಿಕೊಳ್ಳಬೇಕು. ಅದು ಆಗದು ಎನಿಸಿದರೆ ಇಬ್ಬರೂ ವಿತರಕರಾಗಿ, ಶುಲ್ಕದ ಮಾತು ಬಿಡಿ. ನಿಮ್ಮ ಪತ್ರ ಓದಿದ ಮೇಲೆ ನನಗೆ ಮೊದಲನೆಯದೇ ನಿಮಗೆ ಹೊಂದುತ್ತದೆ ಎನಿಸುತ್ತದೆ.

ದಾವಣಗೆರೆಯಿಂದ

ಕುಟುಂಬದವರ ನಿಯಮ ಇಷ್ಟು ಬಿಗಿ ಎಂದು ತಿಳಿದಿರಲಿಲ್ಲ. ಆದರೂ ‘ಪ್ರಾಸಂಗಿಕ’ ಎಲ್ಲಿ ಮುಗಿಯುತ್ತದೆ? ಎಸ್‌ಐಪಿ ಮಾಡಿಸುವಾಗ ಮಗಳ ಓದಿಗೆ ಎಷ್ಟು ಬೇಕೆಂದು ಒಂದು ಹಾಳೆಯಲ್ಲಿ ಲೆಕ್ಕ ಹಾಕಿಕೊಡುತ್ತೇನೆ, ಶುಲ್ಕ ಪಡೆಯುವುದಿಲ್ಲ. ಅದು ಯೋಜನೆಯೇ?

ಬೆಂಗಳೂರಿನಿಂದ

ಒಂದು ಗುರಿಗೆ ಒಂದು ಫಂಡ್ ಎಂಬ ಲೆಕ್ಕ ಪ್ರಾಸಂಗಿಕವೇ ಎನ್ನುವುದು ನನ್ನ ಅಭಿಪ್ರಾಯ. ಮನೆಯ ಇಡೀ ಆಸ್ತಿ, ಸಾಲ ಬರೆದು ಸಹಿ ಹಾಕಿಕೊಟ್ಟರೆ ಗೆರೆ ದಾಟಿದಂತೆ. ನಡುವಿನ ಜಾಗದ ಬಗ್ಗೆ ನಮ್ಮವರಲ್ಲೇ ಒಮ್ಮತವಿಲ್ಲ.

ಶಿವಮೊಗ್ಗದಿಂದ

ಪತಿಗೆ ಎಲ್ಲವನ್ನೂ ಓದಿ ಹೇಳಿದೆ. 10-ಎ ಪುಸ್ತಕ ತರಿಸುತ್ತೇನೆ. ನೋಂದಣಿ ಆಗುವವರೆಗೆ ಫಲಕ ಹಾಕಿಸುವುದಿಲ್ಲ. ‘ಪರವಾನಗಿ’ ಕೈಬಿಟ್ಟೆ, ‘ನೋಂದಣಿ’ ಎಂದೇ ಬರೆಯುತ್ತೇನೆ. ಅಧ್ಯಾಪಕರಲ್ಲಿ ಒಂದು ವಿನಂತಿ: ‘ನೋಂದಾಯಿತ ಹೂಡಿಕೆ ಸಲಹೆಗಾರ್ತಿ’ ಎಂದು ಬರೆಸಲೇ, ‘ಸಲಹೆಗಾರರು’ ಎಂದು ಬಹುವಚನದಲ್ಲೇ ಇರಲೇ?

ಮೈಸೂರಿನ ಅಧ್ಯಾಪಕರು

‘ಸಲಹೆಗಾರರು’ ಇರಲಿ, ಗೌರವವೂ ಬಂತು, ಲಿಂಗದ ಪ್ರಶ್ನೆಯೂ ಹೋಯಿತು. ತಂಗಿಯ ಮಗನಿಗೆ ಸೆಬಿ ನೋಂದಣಿ ಇದೆಯೇ ಎಂದು ಇಂದೇ ಕೇಳುತ್ತೇನೆ. ನೋಡಿ ತಿಳಿಯುವ ಬಗೆ ಇದೆಯೇ?

ಬೆಂಗಳೂರಿನಿಂದ

ಇದೆ ಸರ್. ಸಲಹೆಗಾರರ ನೋಂದಣಿ ಸಂಖ್ಯೆ INA ಎಂದು ಆರಂಭವಾಗುತ್ತದೆ. ಸೆಬಿಯ ಜಾಲತಾಣದ ಪಟ್ಟಿಯಲ್ಲಿ ಆ ಸಂಖ್ಯೆಗೆ ಅವರದೇ ಹೆಸರಿದೆಯೇ ನೋಡಿ. ARN ಎಂದು ಆರಂಭವಾದರೆ ಅವರು ವಿತರಕರು, ಆ ಪಟ್ಟಿ ಆಂಫಿಯ ಜಾಲತಾಣದಲ್ಲಿದೆ.