ಸಹಾಯ ಬೇಕು: ಕ್ಯಾಮೆರಾ ತಿರುಗಿಸಿದರೆ ಅಜ್ಜಿಯೇ ಬದಲಾಗುತ್ತಾರೆ

ನಮಸ್ಕಾರ. ಚಿಕ್ಕಮಗಳೂರಿನ ನಮ್ಮ ಮಾವನ ಕಾಫಿಪುಡಿ ಅಂಗಡಿಗೆ 30 ಸೆಕೆಂಡಿನ ಜಾಹೀರಾತು ಮಾಡುತ್ತಿದ್ದೇನೆ. ಎಐ ಇಮೇಜ್ ಟೂಲಿನಲ್ಲಿ ಆರು ಫ್ರೇಮಿನ ಸ್ಟೋರಿಬೋರ್ಡ್. ಅಜ್ಜಿ ಫಿಲ್ಟರಿಗೆ ಪುಡಿ ಹಾಕುತ್ತಾರೆ, ಮೊಮ್ಮಗ ಜಗಲಿಯಲ್ಲಿ ಕಾಯುತ್ತಾನೆ, ಅಷ್ಟೇ ಕಥೆ.

ಮೊದಲು ಒಂದು ಪ್ರಾಂಪ್ಟಿನಲ್ಲಿ ‘ಅಜ್ಜಿ’, ಇನ್ನೊಂದರಲ್ಲಿ ‘ವಯಸ್ಸಾದ ಹೆಂಗಸು’ ಅಂತ ಬರೆದಿದ್ದೆ. ಆರು ಫ್ರೇಮಿಗೆ ಆರು ಅಜ್ಜಿಯರು ಬಂದರು! ಪ್ರತಿ ಪ್ರಾಂಪ್ಟನ್ನೂ ಟೂಲು ಹೊಸದಾಗಿಯೇ ಓದುತ್ತಿತ್ತು. ಈಗ ಒಂದೇ ವಿವರಣೆಯನ್ನು ಒಂದಕ್ಷರ ಬದಲಿಸದೆ ಎಲ್ಲದಕ್ಕೂ ಹಾಕುತ್ತೇನೆ: “70 ವರ್ಷದ ಅಜ್ಜಿ, ತೆಳ್ಳನೆ ಮೈ, ಬಿಳಿ ಕೂದಲಿನ ತುರುಬು, ಮೂಗಿನ ಎರಡೂ ಕಡೆ ಮೂಗುಬೊಟ್ಟು, ಕೆಂಪು ಅಂಚಿನ ಹಸಿರು ಹತ್ತಿ ಸೀರೆ.” ಮನೆಗೂ ಹೀಗೇ ಒಂದು ವಿವರಣೆ ಇದೆ. ಕೆಲಸ ಮತ್ತು ಕ್ಯಾಮೆರಾ ಕೋನ ಮಾತ್ರ ಬದಲು. ಜೊತೆಗೆ ಮೊದಲ ಫ್ರೇಮನ್ನೇ ರೆಫರೆನ್ಸ್ ಆಗಿ ಕೊಡುತ್ತೇನೆ.

ಮೂರು ಫ್ರೇಮ್ ಚೆನ್ನಾಗಿ ಬಂದವು. ಕೈಕೊಟ್ಟಿದ್ದು ನಾಲ್ಕನೆಯದು. ಅಲ್ಲಿ ಅಜ್ಜಿಯ ಬೆನ್ನ ಹಿಂದಿನಿಂದ ಜಗಲಿ ಕಾಣಬೇಕು. ಕ್ಯಾಮೆರಾ ಆಚೆ ಹೋದರೆ, ಮೊದಲ ಫ್ರೇಮಿನಲ್ಲಿ ಎಡಗಡೆ ಇರುವ ಕಿಟಕಿ ಬಲಕ್ಕೆ ಬರಬೇಕು ಅಲ್ವಾ? ಆದರೆ ರೆಫರೆನ್ಸ್ ಕೊಟ್ಟರೆ ಕಿಟಕಿ ಎಡಕ್ಕೇ ಉಳಿಯುತ್ತದೆ, ಅಜ್ಜಿ ಸುಮ್ನೆ ನಮ್ಮ ಕಡೆ ನೋಡುತ್ತಾರೆ. ರೆಫರೆನ್ಸ್ ತೆಗೆದರೆ ಸೀರೆಯ ಅಂಚು ಚಿನ್ನದ ಬಣ್ಣಕ್ಕೆ ತಿರುಗುತ್ತದೆ.

ಬರೀ ಬಿಳಿ ಹಿನ್ನೆಲೆಯಲ್ಲಿ ಅಜ್ಜಿಯ ಮುಂದೆ, ಪಕ್ಕ, ಬೆನ್ನು ಮೂರನ್ನೂ ಮಾಡಿಕೊಂಡು, ಜನರಿಲ್ಲದ ಅಡುಗೆಮನೆಯನ್ನು ಎರಡೂ ಕಡೆಯಿಂದ ಬೇರೆ ಮಾಡಿಕೊಂಡರೆ ಸರಿಹೋಗುತ್ತದಾ? ಹಾಗೆ ಮಾಡಿದವರು ಇದ್ದರೆ, ಎರಡೂ ರೆಫರೆನ್ಸನ್ನು ಒಟ್ಟಿಗೆ ಕೊಟ್ಟಾಗ ಬೆಳಕು ಹೊಂದುತ್ತದೆಯೇ ತಿಳಿಸಿ. ನಮ್ಮದು ಬೆಳಗಿನ ಬಿಸಿಲು, ಕಿಟಕಿಯಿಂದಲೇ ಬರಬೇಕು.