ಸಹಾಯ ಬೇಕು: ಅಪ್ಪನ ಫೋನ್‌ನಲ್ಲಿ ಕರೆಯ ಸ್ಕ್ರೀನ್ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀನಿವಾಸಪುರದ ಹತ್ತಿರ, ಟೊಮೆಟೊ ಬೆಳೆಯುತ್ತೇವೆ. ಅಪ್ಪನಿಗೆ ಕಣ್ಣು ಮಂಜು. ಅದಕ್ಕೇ ದಪ್ಪ ಅಕ್ಷರದ ಡಯಲರ್ ಆ್ಯಪ್ ಒಂದನ್ನು ಹಾಕಿ, ಡಿಫಾಲ್ಟ್ ಮಾಡಿಕೊಟ್ಟೆವು. ನಂಬರ್ ಒತ್ತುವುದು ಅವರಿಗೆ ನಿಜಕ್ಕೂ ಸುಲಭವಾಯಿತು.

ಆದರೆ ಫೋನ್ ಲಾಕ್ ಆಗಿರುವಾಗ ಕರೆ ಬಂದರೆ ರಿಂಗ್ ಮಾತ್ರ ಆಗುತ್ತದೆ, ಎತ್ತುವ ಬಟನ್ ಕಾಣಿಸುವುದಿಲ್ಲ. ಬೆಳಿಗ್ಗೆ ಕೋಲಾರದ ಮಂಡಿಯಿಂದ ರೇಟು ಹೇಳಲು ಬರುವ ಕರೆಗಳೇ ತಪ್ಪುತ್ತಿವೆ. ಡಿಫಾಲ್ಟ್ ಆದ ಡಯಲರೇ ಕರೆಯ ಸ್ಕ್ರೀನ್ ತೋರಿಸಬೇಕು, ಅಲ್ವಾ? ಅದರ ನೋಟಿಫಿಕೇಶನ್ ಆನ್ ಇದೆ. ಬ್ಯಾಟರಿಯಲ್ಲಿ ‘ನಿರ್ಬಂಧವಿಲ್ಲ’ ಅಂತಲೂ ಇಟ್ಟೆ. ಫುಲ್ ಸ್ಕ್ರೀನ್ ನೋಟಿಫಿಕೇಶನ್‌ಗೆ ಬೇರೆ ಅನುಮತಿ ಕೊಡಬೇಕೇ? ಅದು ಎಲ್ಲಿದೆ?

ಸರಿಹೋಗದಿದ್ದರೆ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್‌ಗೆ ಹೋಗಿ ಫೋನ್‌ನ ಸ್ವಂತ ಡಯಲರನ್ನೇ ವಾಪಸ್ ಇಡುತ್ತೇನೆ. ಕಾಂಟ್ಯಾಕ್ಟ್‌ಗಳು ಗೂಗಲ್ ಖಾತೆಯಲ್ಲಿವೆ, ಅವು ಹೋಗುವುದಿಲ್ಲ. ಆಗ ಅಕ್ಷರ ದಪ್ಪ ಮಾಡಲು ಡಿಸ್‌ಪ್ಲೇ ಸೆಟ್ಟಿಂಗ್ ಸಾಕಾಗುತ್ತದೆಯೇ?

ಇನ್ನೊಂದು ಮಾತು. ಅದೇ ಆ್ಯಪ್ ಮೆಸೇಜಿಗೂ ತನ್ನನ್ನೇ ಡಿಫಾಲ್ಟ್ ಮಾಡಿ ಅನ್ನುತ್ತಿದೆ. ಒಪ್ಪಿದರೆ ಬ್ಯಾಂಕಿನ ಒಟಿಪಿ ಸಮೇತ ಎಲ್ಲ ಎಸ್‌ಎಂಎಸ್ ಅದರ ಕೈಗೆ ಹೋಗುತ್ತದೆ. ಅದಕ್ಕೆ ನಾನು ಒಪ್ಪಿಲ್ಲ. ಸುಮ್ನೆ ಯಾಕೆ ಕೊಡಬೇಕು?

ಹಿರಿಯರಿಗೆ ಇಂಥ ಡಯಲರ್ ಹಾಕಿಕೊಟ್ಟವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಫೋನ್ ಆಂಡ್ರಾಯ್ಡ್ 14.