ಮೂಟ್ ಮೆಮೋರಿಯಲ್: ಒಪ್ಪಂದದ ಕರಡು ಕಾಗದಗಳನ್ನು ಎಲ್ಲಿ ಇಡಬೇಕು? ಅನುಭವ ಇರುವವರು ಹೇಳಿ

ಪ್ರಶ್ನೆ (ಮೂರನೇ ವರ್ಷ, ಕಾನೂನು):
ಮೂಟ್, ಅಂದರೆ ಅಣಕು ನ್ಯಾಯಾಲಯದ ಸ್ಪರ್ಧೆಗೆ ಲಿಖಿತ ವಾದ ಬರೆಯುತ್ತಿದ್ದೇವೆ. ನಮ್ಮ ಸಮಸ್ಯೆಯಲ್ಲಿ ಎರಡು ಕಾಲ್ಪನಿಕ ದೇಶಗಳ ನಡುವೆ 1871ರ ನದಿ ಒಪ್ಪಂದವಿದೆ. ಒಂದು ದೇಶದ ದಡದವರಿಗೆ ‘ಮೀನುಗಾರಿಕೆ’ಯ ಹಕ್ಕು ಎಂದಿದೆ. ಈಗ ಅವರು ನದಿಯಲ್ಲಿ ಬಲೆಪಂಜರ ಕಟ್ಟಿ ಮೀನು ಸಾಕುತ್ತಿದ್ದಾರೆ. ನಾವು ಎದುರು ದೇಶದ ಪರ. ಒಪ್ಪಂದದ ಮಾತುಕತೆಗೆ ಹೋಗಿದ್ದ ನಮ್ಮ ಕಡೆಯ ಪ್ರತಿನಿಧಿಯ ದಿನಚರಿಯಲ್ಲಿ ‘ಗಾಳ ಮತ್ತು ಬೀಸುಬಲೆ ಮಾತ್ರ’ ಎಂಬ ಸಾಲಿದೆ. ವಾದವನ್ನು ಅದರಿಂದಲೇ ಶುರು ಮಾಡೋಣ ಎನ್ನುತ್ತಾಳೆ ಗೆಳತಿ. ಯಾರಾದರೂ ಹೀಗೆ ಮಾಡಿ ನೋಡಿದ್ದೀರಾ?

ಗೆದ್ದ ತಂಡದವನು

ಮಾಡಬೇಡಿ. 2014ರಲ್ಲಿ ನಮ್ಮ ತಂಡ ಫೈನಲ್ ಗೆದ್ದದ್ದೇ ಕರಡು ಕಾಗದಗಳನ್ನು ಮುಟ್ಟದೆ. ಎದುರು ತಂಡ ನಲವತ್ತು ಪುಟಗಳ ಕರಡು ಹೊತ್ತು ತಂದಿತ್ತು. ನ್ಯಾಯಾಧೀಶರು ‘ಪದ ಅಸ್ಪಷ್ಟವೇ?’ ಎಂದು ಒಂದೇ ಪ್ರಶ್ನೆ ಕೇಳಿದರು. ‘ಇಲ್ಲ, ಸ್ಪಷ್ಟ’ ಎಂದರು ಅವರು. ‘ಹಾಗಿದ್ದರೆ ಕರಡು ನೋಡಲು ಬಿಡುವ ವಿಯೆನ್ನಾ ಒಪ್ಪಂದದ 32ನೇ ವಿಧಿಯ ಬಾಗಿಲು ಹೇಗೆ ತೆರೆದಿರಿ?’ ಎಂದಾಗ ಮಾತೇ ಹೊರಡಲಿಲ್ಲ. ನಮ್ಮ ಖರ್ಚು ಕೇಳಿ: ಹನ್ನೆರಡು ಪ್ರತಿಗಳ ಮುದ್ರಣ ಮತ್ತು ಸ್ಪೈರಲ್ ಬೈಂಡಿಂಗ್‌ಗೆ 3,640 ರೂಪಾಯಿ. ಅಡಿಟಿಪ್ಪಣಿಯಲ್ಲಿ ಪುಟಸಂಖ್ಯೆ ತಪ್ಪಿದ್ದರಿಂದ ರಾತ್ರಿ ಹನ್ನೊಂದಕ್ಕೆ ಮತ್ತೆ ಮುದ್ರಿಸಿ ಇನ್ನೊಂದು 3,640. ಅಷ್ಟಾದರೂ ಗೆದ್ದೆವು. ಇನ್ನೊಂದು ಮಾತು, ಒಪ್ಪಂದಗಳನ್ನು ಹೇಗೆ ಓದಬೇಕೆಂದು ಹೇಳುವ ಆ 1969ರ ವಿಯೆನ್ನಾ ಒಪ್ಪಂದಕ್ಕೆ ಭಾರತ ಸೇರಿಲ್ಲ. 1871ರ ಕಾಗದಕ್ಕೆ 1969ರ ನಿಯಮ ಹಚ್ಚುವುದೂ ಅನುಮಾನವೇ.

ಹಳೆಯ ಕರಿಕೋಟು

ಗೆದ್ದವರು ಅರ್ಧ ಸರಿ ಹೇಳಿದ್ದಾರೆ. 32ನೇ ವಿಧಿಗೆ ಎರಡು ಬಾಗಿಲುಗಳಿವೆ. ಅರ್ಥ ಮಸುಕಾಗಿದ್ದರೆ ಅಥವಾ ಅಸಂಬದ್ಧವಾದರೆ ಅದನ್ನು ನಿರ್ಧರಿಸಲು ಒಂದು. ಪದದ ಸಾಮಾನ್ಯ ಅರ್ಥ, ಸಂದರ್ಭ, ಉದ್ದೇಶ ನೋಡಿ ಓದು ಎನ್ನುವ 31ನೇ ವಿಧಿಯಿಂದ ಬಂದ ಅರ್ಥವನ್ನು ದೃಢಪಡಿಸಲು ಇನ್ನೊಂದು. ಎರಡನೆಯದಕ್ಕೆ ಪದ ಅಸ್ಪಷ್ಟವಾಗಿರಬೇಕಾಗಿಲ್ಲ. ಎದುರು ತಂಡ ‘ದೃಢಪಡಿಸಲು ತಂದಿದ್ದೇವೆ’ ಎಂದಿದ್ದರೆ ನಿಮ್ಮ ಕಪ್ ಎಲ್ಲಿರುತ್ತಿತ್ತೋ.

ಹಳೆಯ ಒಪ್ಪಂದಕ್ಕೆ ಹೊಸ ನಿಯಮ ಹಚ್ಚುವ ಅನುಮಾನಕ್ಕೆ ಕೋಸ್ಟರಿಕಾ ಮತ್ತು ನಿಕರಾಗುವಾ ನಡುವಿನ ಸಾನ್ ಹ್ವಾನ್ ನದಿಯ ಮೊಕದ್ದಮೆ ಓದಿ. ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು 2009ರ ಜುಲೈ 13ರದು, ಒಪ್ಪಂದ 1858ರದು. ನಿಕರಾಗುವಾ ವಿಯೆನ್ನಾ ಒಪ್ಪಂದಕ್ಕೆ ಸೇರಿದ ದಾಖಲೆ ನ್ಯಾಯಾಲಯದ ಮುಂದೆ ಇರಲಿಲ್ಲ. ಆದರೂ 31 ಮತ್ತು 32ನೇ ವಿಧಿಗಳು, ಸೇರದ ದೇಶಗಳಿಗೂ ಅನ್ವಯಿಸುವ ರೂಢಿಗತ ನಿಯಮವನ್ನೇ ಹೇಳುತ್ತವೆ ಎಂದು ಅವುಗಳ ಪ್ರಕಾರವೇ ಓದಿದರು.

ನಾನು ಹತ್ತು ವರ್ಷ ಇದೇ ತೀರ್ಪಿನಿಂದ ಪಾಠ ಮಾಡಿದ್ದೇನೆ, ಸ್ವಲ್ಪ ಉದ್ದ ಹೇಳುತ್ತೇನೆ. ನದಿಯ ನೀರೆಲ್ಲ ನಿಕರಾಗುವಾದ್ದು. ಕೆಳಭಾಗದಲ್ಲಿ ಬಲದಡ ಕೋಸ್ಟರಿಕಾದ್ದು, ಅದಕ್ಕೆ ‘ಕೊನ್ ಒಬ್ಹೆತೊಸ್ ದೆ ಕೊಮೆರ್ಸಿಯೊ’ ದೋಣಿ ಓಡಿಸುವ ಶಾಶ್ವತ ಹಕ್ಕು. ‘ಒಬ್ಹೆತೊಸ್’ ಎಂದರೆ ವಸ್ತುಗಳೂ ಹೌದು, ಉದ್ದೇಶಗಳೂ ಹೌದು. ವಸ್ತು ಎಂದು ಓದಿದರೆ ಸರಕು ತುಂಬಿದ ದೋಣಿ ಮಾತ್ರ ಹೋಗಬಹುದು, ಪ್ರವಾಸಿಗರ ದೋಣಿ ಹೋಗುವಂತಿಲ್ಲ. ನಿಕರಾಗುವಾದ ವಾದ ಅದೇ.

ನ್ಯಾಯಾಲಯ ನಿಘಂಟು ತೆರೆದು ನಿಲ್ಲಲಿಲ್ಲ, ಇಡೀ ವಾಕ್ಯ ಓದಿತು. ಆ ಪದಗಳ ಬೆನ್ನಿಗೇ ‘ನಿಕರಾಗುವಾದೊಂದಿಗಾಗಲಿ, ಕೋಸ್ಟರಿಕಾದ ಒಳನಾಡಿಗಾಗಲಿ’ ಎಂದಿದೆ. ‘ನಿಕರಾಗುವಾದೊಂದಿಗೆ ವ್ಯಾಪಾರ’ ಎಂದರೆ ಅರ್ಥವಾಗುತ್ತದೆ. ‘ನಿಕರಾಗುವಾದೊಂದಿಗೆ ಸರಕುಗಳು’ ಎಂದರೆ ವಾಕ್ಯ ಕುಂಟುತ್ತದೆ. ಹಾಗಾಗಿ ‘ವ್ಯಾಪಾರದ ಉದ್ದೇಶಗಳಿಗಾಗಿ’ ಎಂಬ ಓದೇ ನಿಂತಿತು, ಪ್ರವಾಸಿಗರ ದೋಣಿಗೂ ದಾರಿಯಾಯಿತು. ಆಮೇಲೆಯೇ ಹಳೆಯ ಕಾಗದಗಳು ಬಂದವು. 1857ರ ಡಿಸೆಂಬರ್‌ನಲ್ಲಿ ಇದೇ ಎರಡು ದೇಶಗಳು ಸಹಿ ಮಾಡಿ, ಅನುಮೋದನೆಯಾಗದೆ ಬಿದ್ದುಹೋದ ಒಂದು ಒಪ್ಪಂದವಿತ್ತು. ಅದರಲ್ಲಿ ‘ಆರ್ತೀಕುಲೊಸ್’ ಎಂದಿತ್ತು, ಅದಕ್ಕೆ ಸರಕು ಎಂಬ ಅರ್ಥ ಬಿಟ್ಟು ಬೇರೆ ಇಲ್ಲ. ಮರುವರ್ಷ ಪದ ಬದಲಾಯಿಸಿದ್ದರೆ ಅರ್ಥವೂ ಬದಲಾಗಲಿ ಎಂದೇ ಇರಬೇಕು. ಜೊತೆಗೆ, 1887ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರ ಮಧ್ಯಸ್ಥಿಕೆಗೆಂದು ಎರಡೂ ದೇಶಗಳು ಬೇರೆಬೇರೆಯಾಗಿ ಇಂಗ್ಲಿಷ್ ಅನುವಾದ ಕೊಟ್ಟವು. ಈ ನುಡಿಗೆ ಇಬ್ಬರೂ ಬರೆದದ್ದು ‘ವ್ಯಾಪಾರದ ಉದ್ದೇಶಗಳಿಗೆ’ ಎಂದೇ.

ತಂಗಿ, ನಿನ್ನ ದಿನಚರಿಗೂ ಆ ಕಾಗದಗಳಿಗೂ ಇರುವ ವ್ಯತ್ಯಾಸ ನೋಡು. ಅವು ಎರಡೂ ಕಡೆಯವರ ಕೈಯಿಂದ ಬಂದವು. ದಿನಚರಿಯನ್ನು ಎದುರಿನವರು ಆಗ ಓದಿದ್ದರೇ?

ಅನುವಾದಕಿ

ಈ ‘ಒಬ್ಹೆತೊಸ್’ ಕಂಡು ನನ್ನ ಗಾಯ ಮತ್ತೆ ಹಸಿಯಾಯಿತು. ನಮ್ಮ ‘ಅರ್ಥ’ವೂ ಹಾಗೇ ಅಲ್ಲವೇ? ಹಣವೂ ಅರ್ಥ, ಉದ್ದೇಶವೂ ಅರ್ಥ, ಪದದ ತಾತ್ಪರ್ಯವೂ ಅರ್ಥ. ಒಂದು ಸಂಸ್ಥೆಗೆ ಕರಾರುಪತ್ರವನ್ನು ಕನ್ನಡಕ್ಕೆ ತಂದುಕೊಟ್ಟಾಗ ‘ಧರ್ಮಾರ್ಥ ಬಳಕೆಗೆ’ ಎಂದು ಬರೆದೆ. ಧರ್ಮಕ್ಕೆ ಮೀಸಲಾದ ಹಣದ ಬಳಕೆ ಎಂದು ಅವರು ಓದಿಕೊಂಡರು. ಪುಟಕ್ಕೆ 180 ರೂಪಾಯಿಯಂತೆ 62 ಪುಟ. ಕೊನೆಯ ಕಂತು 4,500 ಇಂದಿಗೂ ಬಂದಿಲ್ಲ. ‘ಇಡೀ ವಾಕ್ಯ ಓದಿ’ ಎಂದು ನಾನೂ ಹೇಳಿದೆ, ನನ್ನ ಪಾಲಿಗೆ ಹದಿನೈದು ನ್ಯಾಯಾಧೀಶರು ಎಲ್ಲಿಂದ ಬರಬೇಕು?

ಐದು ಪರ್ಸೆಂಟ್

ಪಾಠ ಚೆನ್ನಾಗಿದೆ ಕರಿಕೋಟು ಸರ್. ಆದರೆ ನಮ್ಮ ಕಡೆ ಪದ ಹೇಗೆ ಓದುತ್ತಾರೆ ಎಂದು ನಾನು ಜೇಬಿನಿಂದ ಕೊಟ್ಟು ಕಲಿತಿದ್ದೇನೆ.

ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ನೋಡುವವನು, ಪೂರ್ಣ ಮಾಲೀಕತ್ವ ನೆದರ್ಲೆಂಡ್ಸ್‌ನ ಕಂಪನಿಯದು. 2021ರ ಸೆಪ್ಟೆಂಬರ್‌ನಲ್ಲಿ 1 ಕೋಟಿ 80 ಲಕ್ಷ ಲಾಭಾಂಶ ಕಳಿಸಿದೆವು. ಭಾರತ–ನೆದರ್ಲೆಂಡ್ಸ್ ತೆರಿಗೆ ಒಪ್ಪಂದದಲ್ಲಿ ಲಾಭಾಂಶದ ಮೇಲಿನ ತೆರಿಗೆ ದರ 10 ಪರ್ಸೆಂಟ್. ಆದರೆ ಅದರ ಜೊತೆಗಿನ ಪೂರಕ ಪತ್ರವಾದ ಪ್ರೋಟೋಕಾಲ್‌ನಲ್ಲಿ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಸದಸ್ಯ ‘ಆಗಿರುವ’ ಮೂರನೇ ದೇಶಕ್ಕೆ ಭಾರತ ಮುಂದೆ ಕಡಿಮೆ ದರ ಕೊಟ್ಟರೆ ಅದೇ ಇವರಿಗೂ ಎಂದಿದೆ. ಸ್ಲೊವೇನಿಯಾಗೆ 5 ಕೊಟ್ಟಿದ್ದೇವೆ. ಆ ಒಪ್ಪಂದವಾದಾಗ ಸ್ಲೊವೇನಿಯಾ ಸದಸ್ಯ ಅಲ್ಲ, 2010ರಲ್ಲಿ ಸೇರಿತು. ‘ಆಗಿರುವ’ ಎಂದರೆ ಯಾವಾಗ? 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ‘ದರ ಕೇಳುವ ಹೊತ್ತಿಗೆ ಸದಸ್ಯನಾಗಿದ್ದರೆ ಸಾಕು’ ಎಂದಿತ್ತು. ನಾವು 5 ಕಡಿತ ಮಾಡಿದೆವು. 2023ರ ಅಕ್ಟೋಬರ್ 19ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಭಾರತದೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗಲೇ ಸದಸ್ಯನಾಗಿರಬೇಕು, ಮೇಲಾಗಿ ಸರ್ಕಾರದ ಅಧಿಸೂಚನೆ ಇಲ್ಲದೆ ಪ್ರೋಟೋಕಾಲ್ ತಾನಾಗಿ ಜಾರಿಯಾಗದು ಎಂದಿತು.

ಲೆಕ್ಕ ಹಾಕಿ. ಕಡಿಮೆ ಬಿದ್ದದ್ದು 9,00,000. ತಿಂಗಳಿಗೆ ಒಂದು ಪರ್ಸೆಂಟಿನಂತೆ 31 ತಿಂಗಳಿಗೆ ಬಡ್ಡಿ 2,79,000. ‘ಧೈರ್ಯವಾಗಿ 5 ಹಾಕಿ’ ಎಂದು ಬರೆದುಕೊಟ್ಟ ಸಲಹೆಗಾರರ ಶುಲ್ಕ 1,75,000. ಈಗ ಅವರು ಫೋನ್ ಎತ್ತುವುದಿಲ್ಲ. 1858ರ ‘ವ್ಯಾಪಾರ’ ಬೆಳೆದು ಪ್ರವಾಸೋದ್ಯಮ ಆಗುತ್ತದೆ, ನಮ್ಮ ‘ಆಗಿರುವ’ ಮಾತ್ರ ಹುಟ್ಟಿದಲ್ಲೇ ಕಲ್ಲಾಗುತ್ತದೆ!

ಗೆದ್ದ ತಂಡದವನು

ಇಲ್ಲಿ ಯಾರೂ ತೆರಿಗೆ ಕೇಳಿಲ್ಲ. ವಿದ್ಯಾರ್ಥಿನಿಯ ಪ್ರಶ್ನೆ ಮೀನಿನದು.

ಐದು ಪರ್ಸೆಂಟ್

ಸ್ಪೈರಲ್ ಬೈಂಡಿಂಗ್ ಕೂಡ ಯಾರೂ ಕೇಳಿರಲಿಲ್ಲ.

ಹಳೆಯ ಕರಿಕೋಟು

ಇಬ್ಬರೂ ತಡೆಯಿರಿ. ತೆರಿಗೆಯವರ ನೋವು ಪ್ರಶ್ನೆಗೆ ಹತ್ತಿರವೇ ಇದೆ. ‘ವ್ಯಾಪಾರ’ ಬೆಳೆದದ್ದಕ್ಕೆ ನ್ಯಾಯಾಲಯ ಎರಡು ಕಾರಣ ಕೊಟ್ಟಿತು: ಅದು ಒಂದು ಬಗೆಯ ಚಟುವಟಿಕೆಗೆಲ್ಲ ಅನ್ವಯಿಸುವ ವಿಶಾಲ ಪದ, ಮತ್ತು ಒಪ್ಪಂದಕ್ಕೆ ಕೊನೆಯ ದಿನವಿಲ್ಲ. ಇಂಥ ಪದ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದು ಬರೆದವರಿಗೇ ಗೊತ್ತಿದ್ದಿರಬೇಕು. ಮೀನುಗಾರಿಕೆಗೂ ಎದುರು ತಂಡ ಇದನ್ನೇ ಹೇಳುತ್ತದೆ, ಸಿದ್ಧವಾಗಿರು ತಂಗಿ. ಹಿಡಿಯುವುದು ಬೇರೆ, ಸಾಕುವುದು ಬೇರೆ, ಹೀಗಾಗಿ ಪದ ಬೆಳೆದಿಲ್ಲ, ಬೇರೆ ಪದವೇ ಬೇಕು ಎಂಬುದು ನಿನ್ನ ಉತ್ತರ. ನಿಕರಾಗುವಾದ ಹಾಗೆ ‘ಸಾರ್ವಭೌಮತ್ವಕ್ಕೆ ಕತ್ತರಿ ಹಾಕುವ ಹಕ್ಕನ್ನು ಕಿರಿದಾಗಿಯೇ ಓದಬೇಕು’ ಎಂದು ಹೊರಡಬೇಡ. ಹಾಗೆ ಮೊದಲೇ ಒಂದು ಕಡೆಗೆ ವಾಲಿ ಓದಲು ನ್ಯಾಯಾಲಯ ಒಪ್ಪಲಿಲ್ಲ.

ಆದರೆ ನ್ಯಾಯಾಧೀಶ ಸ್ಕೋತ್ನಿಕೋವ್ ಪ್ರತ್ಯೇಕ ಅಭಿಪ್ರಾಯ ಬರೆದರು. ಪದ ಬೆಳೆಯಿತು ಎನ್ನುವುದು ಅವರಿಗೆ ಒಪ್ಪಿಗೆಯಿಲ್ಲ. ಪ್ರವಾಸಿ ದೋಣಿಗಳನ್ನು ನಿಕರಾಗುವಾ ಓಡಲು ಬಿಟ್ಟ ನಡವಳಿಕೆಯೇ ಸಾಕು ಎಂದರು. ಫಲ ಒಂದೇ, ದಾರಿ ಬೇರೆ.

ನಂತರದ ನಡವಳಿಕೆ ಎನ್ನುವುದು ಎರಡೂ ದೇಶಗಳ ಒಪ್ಪಿಗೆಯನ್ನು ತೋರಬೇಕು. ಬೋಟ್ಸ್‌ವಾನಾ ಮತ್ತು ನಮೀಬಿಯಾ ನಡುವೆ ಚೋಬೆ ನದಿಯಲ್ಲಿ ಒಂದು ದ್ವೀಪವಿದೆ, ಗಡಿ 1890ರ ಒಪ್ಪಂದದ್ದು. ನಮೀಬಿಯಾ ಕಡೆಯ ಮಸುಬಿಯಾ ಜನ ಅಲ್ಲಿ ವರ್ಷಗಟ್ಟಲೆ ಬೆಳೆ ಬೆಳೆದರು. 1999ರಲ್ಲಿ ನ್ಯಾಯಾಲಯ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನೆರೆ ಇಳಿದಾಗ ಬಂದು ಉತ್ತು ಹೋದವರು ರೈತರು, ಗಡಿಯ ಬಗ್ಗೆ ನಮೀಬಿಯಾದ ನಂಬಿಕೆಯನ್ನು ತೋರಲು ಬಂದವರಲ್ಲ. ಎದುರು ದೇಶವೂ ಅದನ್ನು ಗಡಿಯ ಮಾತಾಗಿ ತಿಳಿದು ಒಪ್ಪಿರಲಿಲ್ಲ.

ಐದು ಪರ್ಸೆಂಟ್

ಸರಿಯಾಗಿ ಸಿಕ್ಕಿಬಿದ್ದಿರಿ ಸರ್. ನೆದರ್ಲೆಂಡ್ಸ್ 2012ರಲ್ಲೇ ‘ಸ್ಲೊವೇನಿಯಾ ಸೇರಿದೆ, ದರ 5’ ಎಂದು ಆದೇಶ ಹೊರಡಿಸಿತ್ತು. ಅದು ಒಂದೇ ಕಡೆಯ ನಡವಳಿಕೆ ಎಂದು ಸುಪ್ರೀಂ ಕೋರ್ಟಿನವರು ಬದಿಗಿಟ್ಟರು. ಒಪ್ಪಿಕೊಂಡೆ. ಆದರೆ ಪ್ರತಿ ಸಲ ಅಧಿಸೂಚನೆ ಹೊರಡಿಸುವುದು ಭಾರತದ ರೂಢಿ ಎಂಬುದನ್ನು ಮಾತ್ರ ಆಧಾರವಾಗಿ ತೆಗೆದುಕೊಂಡರು. ಅದು ಎಷ್ಟು ಕಡೆಯ ನಡವಳಿಕೆ?

ಹಳೆಯ ಕರಿಕೋಟು

ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಒಪ್ಪಂದ ದೇಶದೊಳಗೆ ಜಾರಿಯಾಗಲು 1961ರ ಆದಾಯ ತೆರಿಗೆ ಕಾಯ್ದೆಯ 90ನೇ ಕಲಂ ಪ್ರಕಾರ ಅಧಿಸೂಚನೆ ಬೇಕಿತ್ತು, ಅದು ನಮ್ಮ ಸಂವಿಧಾನದ ಪ್ರಶ್ನೆ, ಅರ್ಥೈಸುವಿಕೆಯದ್ದಲ್ಲ ಎನ್ನಬಹುದು. ತೀರ್ಪಿನಲ್ಲಿ ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ ಎಂಬುದು ನಿಜ.

ಐದು ಪರ್ಸೆಂಟ್

ಹೆಣಿಗೆಗೆ ಬಡ್ಡಿ ಕಟ್ಟಿದವನು ನಾನು. 2025ರ ಜನವರಿಯಿಂದ ಸ್ವಿಟ್ಜರ್ಲೆಂಡ್ ತನ್ನ ಒಪ್ಪಂದದಲ್ಲಿದ್ದ ಇಂಥದೇ ಕಡಿಮೆ ದರದ ಷರತ್ತನ್ನು ನಮಗೆ ನಿಲ್ಲಿಸಿದೆ. ನಾಳೆ ಇಲ್ಲಿಂದ ಅಲ್ಲಿ ಹೂಡಿದವರು ಬಂದು ಅಳುತ್ತಾರೆ, ನೋಡುತ್ತಿರಿ.

ಅನುವಾದಕಿ

‘ಆಗಿರುವ’ ಎಂದು ಅನುವಾದಿಸಿದ್ದೇ ತಪ್ಪು. ‘ಆಗಿರುವ’ ಎಂದರೆ ಆಗಿ, ಈಗಲೂ ಇರುವ. ಮೂಲದಲ್ಲಿ ಬರೀ ‘ಇದೆ’. ನೀವೇ ನಿಮ್ಮ ವಾದಕ್ಕೆ ಅನುಕೂಲವಾಗಿ ತಿರುಗಿಸಿಕೊಂಡಿದ್ದೀರಿ.

ಐದು ಪರ್ಸೆಂಟ್

ಅಮ್ಮಾ, ಇಂಗ್ಲಿಷ್ ಪ್ರತಿ ನನ್ನ ಮೇಜಿನ ಮೇಲೇ ಇದೆ. ‘ಇದೆ’ ಎಂದರೂ ಈಗ ಇದೆ ಎಂದೇ ತಾನೇ?

ಅನುವಾದಕಿ

‘ಸಹಿ ಮಾಡಿದ ದಿನ ಇದೆ’ ಎಂದೂ ಆಗುತ್ತದೆ. ಅದಕ್ಕೇ ತಾನೇ ನೀವು ಸೋತದ್ದು?

ಮೂರನೇ ವರ್ಷ, ಕಾನೂನು

ಎಲ್ಲರಿಗೂ ಧನ್ಯವಾದ. ಸಮಸ್ಯೆಯನ್ನು ಮತ್ತೆ ಓದಿದೆವು. ದಿನಚರಿ 1902ರಲ್ಲಿ ಪ್ರತಿನಿಧಿಯ ಮನೆಯಲ್ಲಿ ಸಿಕ್ಕಿದ್ದಂತೆ, ಎದುರಿನವರು ನೋಡಿರುವ ಸಾಧ್ಯತೆಯೇ ಇಲ್ಲ. ಆದರೆ ಹದಿನಾಲ್ಕನೇ ಪುಟದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು: 1988ರಿಂದ ಎರಡೂ ದೇಶಗಳ ಜಂಟಿ ನದಿ ಸಮಿತಿ ಪಂಜರಗಳಿಗೆ ಪರವಾನಗಿ ಶುಲ್ಕ ವಸೂಲಿ ಮಾಡುತ್ತಿದೆ. ಇದು ನಮ್ಮನ್ನು ಮುಳುಗಿಸುತ್ತದೆಯೇ?

ಹಳೆಯ ಕರಿಕೋಟು

ರಶೀದಿಯ ಮೇಲೆ ಏನೆಂದು ಬರೆದಿದೆ ನೋಡು. ‘ಒಪ್ಪಂದದ ಹಕ್ಕಿನಂತೆ’ ಎಂದೋ, ‘ವಿಶೇಷ ಅನುಮತಿ’ ಎಂದೋ?

ಗೆದ್ದ ತಂಡದವನು

ಅದಕ್ಕೇ ನಾನು ಮೊದಲೇ ಹೇಳಿದ್ದು, ಕರಡು ಮುಟ್ಟಬೇಡಿ ಎಂದು.